ಕರೆಂಟ್ ಹೋದಾಗ ಆಕ್ಸಿಜನ್ ಯಂತ್ರ ಎಷ್ಟು ಹೊತ್ತು ನಡೆಯುತ್ತದೆ? ಬ್ಯಾಟರಿ ಬ್ಯಾಕಪ್ ಲೆಕ್ಕ ಹಾಕುವ ಬಗೆ

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಬಳಸುವ ರೋಗಿ ಇದ್ದರೆ, ಕರೆಂಟ್ ಹೋದ ಕೂಡಲೇ ಎಲ್ಲರ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ? ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ಯಂತ್ರದ ವ್ಯಾಟ್‌ನಿಂದ ಭಾಗಿಸಿ ಉತ್ತರ ಹೇಳುತ್ತಾರೆ. ಆ ಉತ್ತರ ಕಾಗದದ ಮೇಲೆ ಸರಿ, ಮನೆಯಲ್ಲಿ ಸರಿಯಲ್ಲ. ಹೀಗೆ ಐದು ಗಂಟೆ ಎಂದು ಬಂದ ಲೆಕ್ಕದಲ್ಲಿ ನಿಜವಾಗಿ ನಂಬಬಹುದಾದ ಸಮಯ ಎರಡು ಗಂಟೆಗಿಂತಲೂ ಕಡಿಮೆ ಇರಬಹುದು.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ನಿಮ್ಮ ಮನೆಯ ಬ್ಯಾಟರಿಗೆ ಸರಿಯಾದ ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಇದಕ್ಕೆ ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಸಾಕು.

ನಮ್ಮ ಉದಾಹರಣೆ

ಪುಣೆಯ ಒಂದು ಮನೆ ಎಂದುಕೊಳ್ಳಿ. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ (ಸಿಒಪಿಡಿ) ಇರುವ ಅಜ್ಜಿಗೆ ವೈದ್ಯರು ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬರೆದುಕೊಟ್ಟಿದ್ದಾರೆ. ಮನೆಯಲ್ಲಿರುವುದು 5 ಲೀಟರ್ ಸಾಮರ್ಥ್ಯದ ಕಾನ್ಸಂಟ್ರೇಟರ್, 12 ವೋಲ್ಟ್ ಇನ್ವರ್ಟರ್ ಮತ್ತು ಒಂದು 150 ಎಎಚ್ ಟ್ಯೂಬುಲರ್ ಬ್ಯಾಟರಿ. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ. ಬ್ಯಾಟರಿ ಇರುವುದು ಹಿಂದಿನ ಬಾಲ್ಕನಿಯಲ್ಲಿ.

12 ವೋಲ್ಟ್ ಅನ್ನು 150ರಿಂದ ಗುಣಿಸಿದರೆ 1800 ವ್ಯಾಟ್-ಅವರ್ ಬರುತ್ತದೆ. ಯಂತ್ರ 350 ವ್ಯಾಟ್ ಎಳೆಯುತ್ತದೆ ಎಂದಾದರೆ 1800 ÷ 350, ಅಂದರೆ ಐದು ಗಂಟೆಗೂ ಸ್ವಲ್ಪ ಹೆಚ್ಚು. ಅಂಗಡಿಯ ಲೆಕ್ಕ ಇಷ್ಟೇ. ಇನ್ನು ಇದನ್ನು ಹಂತ ಹಂತವಾಗಿ ತಿದ್ದೋಣ.

ಹಂತ 1: ಯಂತ್ರ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತದೆ?

ಯಂತ್ರದ ಹಿಂದಿನ ಚೀಟಿಯಲ್ಲಿ ವ್ಯಾಟ್ ಬರೆದಿರುತ್ತದೆ. ಆದರೆ ಯಂತ್ರ ಹಳೆಯದಾದಂತೆ, ಫಿಲ್ಟರ್‌ನಲ್ಲಿ ಧೂಳು ಕಟ್ಟಿದಂತೆ ಅದು ಬದಲಾಗಬಹುದು. ಆದ್ದರಿಂದ ಅಳೆದು ನೋಡುವುದು ಒಳ್ಳೆಯದು. ಪ್ಲಗ್‌ಗೆ ಸಿಕ್ಕಿಸುವ ಪವರ್ ಮೀಟರ್ ಇದ್ದರೆ ಸುಲಭ. ಇಲ್ಲದಿದ್ದರೆ ಮನೆಯ ಕರೆಂಟ್ ಮೀಟರ್ ಸಾಕು.

ಈಗಿನ ಡಿಜಿಟಲ್ ಮೀಟರ್‌ಗಳಲ್ಲಿ ಕೆಂಪಗೆ ಮಿನುಗುವ ಒಂದು ಚಿಕ್ಕ ದೀಪ ಇರುತ್ತದೆ. ಅದರ ಬಳಿ `3200 imp/kWh` ಎಂಬಂಥ ಬರಹ ಇರುತ್ತದೆ. ಅಂದರೆ ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ 3200 ಸಲ ಮಿನುಗುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವ ಹೊತ್ತು ನೋಡಿ, ಇನ್ವರ್ಟರ್ ಮೇನ್ಸ್ ಸ್ವಿಚ್ ಮತ್ತು ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ, ಕಾನ್ಸಂಟ್ರೇಟರ್ ಒಂದನ್ನೇ ನೇರವಾಗಿ ಗೋಡೆಯ ಪ್ಲಗ್‌ನಿಂದ ನಡೆಸಿ. ಯಂತ್ರ ಚಾಲೂ ಆಗಿ ಹತ್ತು ನಿಮಿಷವಾದ ಮೇಲೆ, ಐದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿನುಗಿತು ಎಂದು ಎಣಿಸಿ.

ನಮ್ಮ ಉದಾಹರಣೆಯ ಮನೆಯಲ್ಲಿ 93 ಸಲ ಮಿನುಗಿತು. ಗಂಟೆಗೆ 93 × 12 = 1116 ಸಲ. ಅದನ್ನು 3200ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಸುಮಾರು 350 ವ್ಯಾಟ್. ನಿಮ್ಮ ಮೀಟರ್‌ನಲ್ಲಿ ಬೇರೆ ಸಂಖ್ಯೆ ಇದ್ದರೆ 3200ರ ಬದಲು ಅದನ್ನು ಹಾಕಿ.

ವೈದ್ಯರು ಹೇಳಿದ ಲೀಟರ್ ಮಟ್ಟದಲ್ಲೇ ಯಂತ್ರವನ್ನಿಟ್ಟು ಅಳೆಯಿರಿ. 5 ಲೀಟರ್‌ನ ಯಂತ್ರವನ್ನು 2 ಲೀಟರ್‌ಗೆ ಇಟ್ಟರೆ ಕರೆಂಟ್ ಖರ್ಚು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಅನೇಕ ಯಂತ್ರಗಳಲ್ಲಿ ಹಾಗಾಗುವುದಿಲ್ಲ. ಒಳಗಿನ ಕಂಪ್ರೆಸರ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನಡೆಯುತ್ತಿರುತ್ತದೆ.

ಅದೇ ಇನ್ವರ್ಟರ್ ಮೇಲೆ ಇನ್ನೇನು ನಡೆಯುತ್ತದೆ ಎಂಬುದನ್ನೂ ಗಮನಿಸಿ. 75 ವ್ಯಾಟ್‌ನ ಒಂದು ಹಳೆಯ ಸೀಲಿಂಗ್ ಫ್ಯಾನ್ ಸೇರಿದರೂ ಲೋಡ್ 425 ವ್ಯಾಟ್ ಆಗುತ್ತದೆ. ಸದ್ಯಕ್ಕೆ ಯಂತ್ರ ಒಂದೇ ನಡೆಯುತ್ತದೆ ಎಂದು ಇಟ್ಟುಕೊಳ್ಳೋಣ.

ಹಂತ 2: ವೇಗವಾಗಿ ಎಳೆದರೆ ಬ್ಯಾಟರಿ ಕಡಿಮೆ ಕೊಡುತ್ತದೆ

ಬ್ಯಾಟರಿಯ ಮೇಲೆ `150Ah @ C20` ಎಂದು ಬರೆದಿರುವುದನ್ನು ನೋಡಿರಬಹುದು. ಇದರ ಅರ್ಥ: ಈ ಬ್ಯಾಟರಿಯನ್ನು 20 ಗಂಟೆ ಕಾಲ ನಿಧಾನವಾಗಿ, 7.5 ಆಂಪಿಯರ್‌ನಂತೆ ಬರಿದು ಮಾಡಿದರೆ ಮಾತ್ರ 150 ಎಎಚ್ ಸಿಗುತ್ತದೆ.

ನಮ್ಮ ಯಂತ್ರ ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತದೆ. 350 ವ್ಯಾಟ್ ಹೊರಗೆ ಬರಬೇಕಾದರೆ, ಇನ್ವರ್ಟರ್‌ನ ನಷ್ಟವೂ ಸೇರಿ ಬ್ಯಾಟರಿಯಿಂದ ಸುಮಾರು 437 ವ್ಯಾಟ್ ಹೋಗಬೇಕು. 12 ವೋಲ್ಟ್‌ನಲ್ಲಿ ಇದು ಸುಮಾರು 36 ಆಂಪಿಯರ್. ಸೀಸ-ಆಮ್ಲದ ಬ್ಯಾಟರಿಯಲ್ಲಿ ಇಷ್ಟು ವೇಗವಾಗಿ ಎಳೆದಾಗ, ಒಳಗಿನ ಆಮ್ಲ ಪ್ಲೇಟುಗಳ ಆಳಕ್ಕೆ ಹೋಗಿ ಕೆಲಸ ಮಾಡಲು ಸಮಯ ಸಾಲುವುದಿಲ್ಲ. ಇನ್ನೂ ಶಕ್ತಿ ಉಳಿದಿರುವಾಗಲೇ ವೋಲ್ಟೇಜ್ ಕುಸಿದು ಇನ್ವರ್ಟರ್ ನಿಂತುಬಿಡುತ್ತದೆ. ಈ ವೇಗದಲ್ಲಿ ಬರೆದಿರುವುದರ ಸುಮಾರು ಶೇ. 70ರಷ್ಟು ಮಾತ್ರ ಸಿಗುತ್ತದೆ ಎಂದು ಹಿಡಿಯಬಹುದು.

1800 × 0.70 = 1260 ವ್ಯಾಟ್-ಅವರ್.

ಇದು ಇನ್ವರ್ಟರ್ ಕಟ್ ಆಫ್ ಆಗುವವರೆಗೆ ಸಿಗುವ ಶಕ್ತಿ. ಆದ್ದರಿಂದ ‘ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದು’ ಎಂದು ಇಲ್ಲಿ ಮತ್ತೊಮ್ಮೆ ಕಳೆಯುವ ಅಗತ್ಯ ಇಲ್ಲ.

ಹಂತ 3: ಇನ್ವರ್ಟರ್ ತಾನೂ ತಿನ್ನುತ್ತದೆ

ಬ್ಯಾಟರಿಯ ಡಿಸಿ ಕರೆಂಟನ್ನು 230 ವೋಲ್ಟ್ ಎಸಿ ಆಗಿ ಬದಲಿಸುವಾಗ ಒಂದು ಪಾಲು ಶಾಖವಾಗಿ ಹೋಗುತ್ತದೆ. ನಡೆಯುತ್ತಿರುವ ಇನ್ವರ್ಟರ್ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಮನೆಬಳಕೆಯ ಇನ್ವರ್ಟರ್‌ಗೆ ಶೇ. 80 ದಕ್ಷತೆ ಎಂದು ಹಿಡಿಯುವುದು ಸುರಕ್ಷಿತ. ಮಾರಾಟದ ಪತ್ರಿಕೆಯಲ್ಲಿ ಶೇ. 90 ಎಂದಿದ್ದರೆ ಅದು ಅನುಕೂಲಕರವಾದ ಲೋಡ್‌ನಲ್ಲಿ ಅಳೆದದ್ದಾಗಿರಬಹುದು.

1260 × 0.80 = 1008 ವ್ಯಾಟ್-ಅವರ್.

ಇದನ್ನು 350ರಿಂದ ಭಾಗಿಸಿದರೆ 2.88, ಅಂದರೆ ಸುಮಾರು 2 ಗಂಟೆ 50 ನಿಮಿಷ. ಬ್ಯಾಟರಿ ಹೊಸದಾಗಿದ್ದು, ಪೂರ್ತಿ ಚಾರ್ಜ್ ಆಗಿದ್ದು, ಹವೆ ಹಿತವಾಗಿದ್ದರೆ ಸಿಗುವ ಸಮಯ ಇದು. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬ್ಯಾಟರಿ ಪರೀಕ್ಷಿಸುವಾಗ ಬೇಕಾಗುತ್ತದೆ.

ಹಂತ 4: ಬ್ಯಾಟರಿಗೆ ವಯಸ್ಸಾಗುತ್ತದೆ

ಬ್ಯಾಟರಿ ಒಂದು ದಿನ ಇದ್ದಕ್ಕಿದ್ದಂತೆ ಸಾಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಸಾಮರ್ಥ್ಯ ಶೇ. 80ಕ್ಕೆ ಇಳಿದಾಗ ಬ್ಯಾಟರಿಯ ಆಯುಸ್ಸು ಮುಗಿಯಿತೆಂದು ಎಂಜಿನಿಯರುಗಳು ಎಣಿಸುತ್ತಾರೆ, ಏಕೆಂದರೆ ಅಲ್ಲಿಂದ ಮುಂದೆ ಇಳಿತ ಬಹಳ ವೇಗವಾಗುತ್ತದೆ. ಸೀಸ-ಆಮ್ಲ ಬ್ಯಾಟರಿಗಳ ಗಾತ್ರ ನಿರ್ಧರಿಸುವ ಐಇಇಇ 485 ಎಂಬ ತಾಂತ್ರಿಕ ಮಾನದಂಡವೂ ಇದೇ ಕಾರಣಕ್ಕೆ ಲೆಕ್ಕವನ್ನು 1.25ರಿಂದ ಹಿಗ್ಗಿಸಲು ಹೇಳುತ್ತದೆ. ಅದೂ ಶೇ. 80ರ ಲೆಕ್ಕವೇ.

ನಿಮ್ಮ ಬ್ಯಾಟರಿ ಹೊಸದೇ ಆಗಿರಬಹುದು. ಆದರೆ ನೀವು ಅದನ್ನು ನಂಬಬೇಕಾಗಿರುವುದು ಕೊನೆಯ ವರ್ಷದ ಕೊನೆಯ ತಿಂಗಳಿನವರೆಗೆ. ಹಾಗಾಗಿ ಇವತ್ತೇ ಈ ಪಾಲು ಕಳೆದಿಡಿ.

1008 × 0.80 = 806 ವ್ಯಾಟ್-ಅವರ್.

ಹಂತ 5: ಚಳಿ ಸಮಯವನ್ನು ಕಡಿಮೆ ಮಾಡುತ್ತದೆ, ಸೆಖೆ ಆಯುಸ್ಸನ್ನು ಕಡಿಮೆ ಮಾಡುತ್ತದೆ

ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗಳ ಸಾಮರ್ಥ್ಯವನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೇಳುವುದು ರೂಢಿ. ಅದಕ್ಕಿಂತ ತಣ್ಣಗಾದಂತೆ ಒಂದೊಂದು ಡಿಗ್ರಿಗೂ ಅರ್ಧದಿಂದ ಒಂದು ಶೇಕಡಾದವರೆಗೆ ಸಾಮರ್ಥ್ಯ ಇಳಿಯುತ್ತದೆ. ಪುಣೆಯ ಚಳಿಗಾಲದ ಬೆಳಗಿನ ಜಾವ ಬಾಲ್ಕನಿಯಲ್ಲಿರುವ ಬ್ಯಾಟರಿ 14 ಡಿಗ್ರಿಗೆ ಇಳಿದರೆ ಸುಮಾರು ಶೇ. 10 ಹೋಯಿತೆಂದು ಲೆಕ್ಕ. ದೆಹಲಿಯ ಜನವರಿಗೆ ಶೇ. 15 ಕಳೆಯಿರಿ. ಮುಂಬೈ, ಚೆನ್ನೈಗಳಲ್ಲಿ ಈ ಕಡಿತ ಹೆಚ್ಚೇನೂ ಬೇಕಾಗುವುದಿಲ್ಲ.

806 × 0.90 = ಸುಮಾರು 726 ವ್ಯಾಟ್-ಅವರ್.

ಸೆಖೆಯ ಪರಿಣಾಮ ಬೇರೆ ಬಗೆಯದು. ಬಿಸಿಯಲ್ಲಿ ಬ್ಯಾಟರಿ ಆ ದಿನದ ಮಟ್ಟಿಗೆ ಸ್ವಲ್ಪ ಹೆಚ್ಚೇ ಕೊಡುತ್ತದೆ. ಆದರೆ ಸದಾ ಸುಮಾರು 10 ಡಿಗ್ರಿ ಹೆಚ್ಚು ಬಿಸಿಯಲ್ಲಿದ್ದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಚೆನ್ನೈ ಅಥವಾ ಹೈದರಾಬಾದಿನಲ್ಲಿ ಬಿಸಿಲು ಬೀಳುವ ಬಾಲ್ಕನಿಯಲ್ಲಿಟ್ಟ ಬ್ಯಾಟರಿ, ನೆರಳಿನಲ್ಲಿಟ್ಟ ಅಂಥದ್ದೇ ಬ್ಯಾಟರಿಗಿಂತ ಬಹಳ ಬೇಗ ಶೇ. 80ಕ್ಕೆ ಇಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸಿಗುವ ಹೆಚ್ಚುವರಿ ನಿಮಿಷಗಳನ್ನು ಲೆಕ್ಕಕ್ಕೆ ಸೇರಿಸಬೇಡಿ.

ಹಂತ 6: ಕೊನೆಯದಾಗಿ ಸ್ವಲ್ಪ ಮೀಸಲು

ಟರ್ಮಿನಲ್‌ನಲ್ಲಿ ಕಟ್ಟಿದ ಕಿಲುಬು, ಯಾರೋ ಮರೆತು ಹಾಕಿದ ಒಂದು ಲೈಟು, ಅಳತೆಯ ಸಣ್ಣ ತಪ್ಪು, ಇವಕ್ಕೆಲ್ಲ ಶೇ. 10ರಷ್ಟು ಅಂತರ ಬಿಡಬೇಕು. 726 ಅನ್ನು 1.1ರಿಂದ ಭಾಗಿಸಿದರೆ 660 ವ್ಯಾಟ್-ಅವರ್.

660 ÷ 350 = 1.88 ಗಂಟೆ, ಅಂದರೆ ಸುಮಾರು 1 ಗಂಟೆ 50 ನಿಮಿಷ.

ಅಜ್ಜಿಯ ಮನೆಯವರು ನಂಬಬಹುದಾದ ಸಮಯ ಇದು. ಐದು ಗಂಟೆ ಅಲ್ಲ. ಅದೇ ಇನ್ವರ್ಟರ್ ಮೇಲೆ 75 ವ್ಯಾಟ್‌ನ ಫ್ಯಾನ್ ಕೂಡ ನಡೆಸಿದರೆ 660 ÷ 425, ಅಂದರೆ ಒಂದೂವರೆ ಗಂಟೆ ಮಾತ್ರ.

ಪೂರ್ತಿ ಲೆಕ್ಕ ಒಂದೇ ಸಾಲಿನಲ್ಲಿ ಹೀಗೆ:

ವೋಲ್ಟ್ × ಎಎಚ್ × 0.70 × 0.80 × 0.80 × 0.90 ÷ 1.1 ÷ ವ್ಯಾಟ್ = ಗಂಟೆ

ಇದರಲ್ಲಿ ಮೊದಲನೆಯ 0.70 ಎಳೆಯುವ ವೇಗಕ್ಕೆ, ಮುಂದಿನ ಎರಡು 0.80 ಇನ್ವರ್ಟರ್‌ಗೆ ಮತ್ತು ವಯಸ್ಸಿಗೆ, 0.90 ಚಳಿಗೆ, 1.1 ಮೀಸಲಿಗೆ.

ನಾಲ್ಕು ಗಂಟೆ ಬೇಕಿದ್ದರೆ ಏನು ಮಾಡಬೇಕು?

ದುರಸ್ತಿ ಕೆಲಸಕ್ಕೆಂದು ಮೊದಲೇ ತಿಳಿಸಿ ಕರೆಂಟ್ ತೆಗೆಯುವುದು ಸಾಮಾನ್ಯವಾಗಿ ಕೆಲವು ಗಂಟೆಗಳ ಕಾಲ. ನಾಲ್ಕು ಗಂಟೆ ತಡೆಯಬೇಕು ಎಂದಾದರೆ ಬ್ಯಾಟರಿ ಎರಡು ಬೇಕು. ಇಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಎರಡು ಬ್ಯಾಟರಿ ಹಾಕಿದಾಗ ಸಮಯ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ.

ಎರಡು 150 ಎಎಚ್ ಬ್ಯಾಟರಿಗಳನ್ನು 24 ವೋಲ್ಟ್ ಇನ್ವರ್ಟರ್‌ಗೆ ಜೋಡಿಸಿದರೆ, ಎಳೆಯುವ ಕರೆಂಟ್ 36ರಿಂದ 18 ಆಂಪಿಯರ್‌ಗೆ ಇಳಿಯುತ್ತದೆ. ನಿಧಾನವಾಗಿ ಎಳೆಯುವುದರಿಂದ ಹಂತ 2ರ ಶೇ. 70 ಈಗ ಸುಮಾರು ಶೇ. 80 ಆಗುತ್ತದೆ. 3600ರಿಂದ ಶುರುಮಾಡಿ ಉಳಿದ ಹಂತಗಳನ್ನು ಹಾಗೆಯೇ ಮಾಡಿದರೆ ಸುಮಾರು 1508 ವ್ಯಾಟ್-ಅವರ್ ಉಳಿಯುತ್ತದೆ. 350ರಿಂದ ಭಾಗಿಸಿದರೆ ಸುಮಾರು 4 ಗಂಟೆ 15 ನಿಮಿಷ.

ಈಗಿರುವ 12 ವೋಲ್ಟ್ ಇನ್ವರ್ಟರ್‌ಗೆ 24 ವೋಲ್ಟ್ ಜೋಡಿಸುವಂತಿಲ್ಲ, ಬೇರೆ ಇನ್ವರ್ಟರ್ ಬೇಕು. ಎರಡು ಬ್ಯಾಟರಿಗಳೂ ಒಂದೇ ಮಾದರಿಯವು, ಒಟ್ಟಿಗೆ ಕೊಂಡವು ಆಗಿರಬೇಕು. ಹಳೆಯದರ ಜೊತೆ ಹೊಸದನ್ನು ಸೇರಿಸಿದರೆ ಹಳೆಯದು ಮೊದಲೇ ಸೋತು ಹೊಸದನ್ನೂ ಹಾಳು ಮಾಡುತ್ತದೆ. ಇನ್ವರ್ಟರ್ ಸೈನ್ ವೇವ್ ಬಗೆಯದೇ ಆಗಿರಲಿ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆ ಹೊರೆ ತಡೆಯದ ಇನ್ವರ್ಟರ್, ಬ್ಯಾಟರಿ ತುಂಬಿದ್ದರೂ ಓವರ್‌ಲೋಡ್ ಎಂದು ನಿಂತುಬಿಡುತ್ತದೆ. ಕೊಳ್ಳುವ ಮೊದಲು ನಿಮ್ಮ ಯಂತ್ರವನ್ನೇ ಅದಕ್ಕೆ ಹಾಕಿ ಚಾಲೂ ಮಾಡಿ ತೋರಿಸಲು ಹೇಳಿ.

ಲಿಥಿಯಂ ಬ್ಯಾಟರಿ ಆದರೆ?

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ವೇಗವಾಗಿ ಎಳೆದರೂ ನಷ್ಟ ಬಹಳ ಕಡಿಮೆ. ಆದ್ದರಿಂದ 12.8 ವೋಲ್ಟ್, 100 ಎಎಚ್‌ನ ಲಿಥಿಯಂ ಬ್ಯಾಟರಿ ಇದೇ ಯಂತ್ರವನ್ನು ಸುಮಾರು ಎರಡು ಗಂಟೆ ನಡೆಸುತ್ತದೆ. ಅಂದರೆ 150 ಎಎಚ್ ಟ್ಯೂಬುಲರ್‌ಗೆ ಸರಿಸಮ, ತುಸು ಹೆಚ್ಚೇ. ಇನ್ವರ್ಟರ್ ಮತ್ತು ವಯಸ್ಸಿನ ಕಡಿತಗಳನ್ನು ಮಾತ್ರ ಇಲ್ಲೂ ಬಿಡುವಂತಿಲ್ಲ. ಲಿಥಿಯಂಗೆ ಹೊಂದುವ ಇನ್ವರ್ಟರ್ ಇರಬೇಕು. ಇದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದೆ ಒಮ್ಮೆಲೇ ಕುಸಿಯುವುದರಿಂದ ಎಚ್ಚರಿಕೆಯ ಸಮಯ ಕಡಿಮೆ ಸಿಗಬಹುದು. ಹಾಗಾಗಿ ಅಲಾರಂ ಬರಲಿ ಎಂದು ಕಾಯದೆ ಗಡಿಯಾರ ನೋಡಿಕೊಳ್ಳಿ.

ಬ್ಯಾಟರಿ ಸವೆದಿದೆ ಎಂದು ತಿಳಿಯುವುದು ಹೇಗೆ?

ಕರೆಂಟ್ ಇದ್ದಾಗ ಇನ್ವರ್ಟರ್ ಮೇಲೆ ‘ಫುಲ್’ ಎಂದು ತೋರಿಸುವುದರಿಂದ ಏನೂ ತಿಳಿಯುವುದಿಲ್ಲ. ಸವೆದ ಬ್ಯಾಟರಿಯೂ ಫುಲ್ ತೋರಿಸುತ್ತದೆ, ಅದೂ ಬೇಗನೆ, ಏಕೆಂದರೆ ತುಂಬಿಸಬೇಕಾದ ಪಾತ್ರೆಯೇ ಚಿಕ್ಕದಾಗಿದೆ. ನಡೆಸಿ ನೋಡುವುದೊಂದೇ ದಾರಿ.

ಆರು ತಿಂಗಳಿಗೊಮ್ಮೆ ಹೀಗೆ ಮಾಡಿ. ಹಿಂದಿನ ರಾತ್ರಿಯಿಡೀ ಬ್ಯಾಟರಿ ಚಾರ್ಜ್ ಆಗಿರಲಿ. ರೋಗಿಯನ್ನು ಸಿಲಿಂಡರ್ ಆಕ್ಸಿಜನ್‌ಗೆ ಬದಲಿಸಿ. ರೋಗಿ ಯಂತ್ರದ ಮೇಲಿರುವಾಗ ಈ ಪರೀಕ್ಷೆ ಮಾಡಲೇಬೇಡಿ. ನಂತರ ಇನ್ವರ್ಟರ್‌ನ ಮೇನ್ಸ್ ಸ್ವಿಚ್ ಆರಿಸಿ, ಯಂತ್ರವನ್ನು ಬ್ಯಾಟರಿ ಮೇಲೆ ನಡೆಸಿ, ಲೋ ಬ್ಯಾಟರಿ ಅಲಾರಂ ಬರುವವರೆಗಿನ ಸಮಯ ಬರೆದುಕೊಳ್ಳಿ.

ಬ್ಯಾಟರಿ ಹೊಸದಿದ್ದಾಗ ಮಾಡಿದ ಪರೀಕ್ಷೆಯ ಸಮಯವೇ ನಿಮ್ಮ ಅಳತೆಗೋಲು. ಅದು 2 ಗಂಟೆ 50 ನಿಮಿಷ ಇದ್ದಿದ್ದರೆ, 2 ಗಂಟೆ 15 ನಿಮಿಷದ ಆಸುಪಾಸಿಗೆ ಇಳಿದಾಗ ಶೇ. 80 ತಲುಪಿದಂತೆ. ಆಗ ಬ್ಯಾಟರಿ ಬದಲಿಸಿ. ಮನೆಯ ಫ್ಯಾನ್, ಲೈಟಿಗೆ ಅದು ಇನ್ನೂ ಸಾಕಾಗಬಹುದು, ಆಕ್ಸಿಜನ್ ಯಂತ್ರಕ್ಕೆ ಸಾಲದು. ಚಳಿಗಾಲದ ಪರೀಕ್ಷೆಯನ್ನು ಚಳಿಗಾಲದ್ದಕ್ಕೆ, ಬೇಸಿಗೆಯದನ್ನು ಬೇಸಿಗೆಯದಕ್ಕೆ ಹೋಲಿಸಿ.

ಪರೀಕ್ಷೆಯಾದ ಮೇಲೆ ಬ್ಯಾಟರಿ ಮತ್ತೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕಾಗಬಹುದು. ಬೆಳಿಗ್ಗೆ ಒಂದೂವರೆ ಗಂಟೆ ಕರೆಂಟ್ ಹೋಗಿ ಬಂದು, ಅದೇ ಸಂಜೆ ಮತ್ತೆ ಹೋದರೂ ಇದೇ ಮಾತು. ಸಂಜೆ ನಿಮ್ಮ ಕೈಯಲ್ಲಿರುವುದು ತುಂಬಿದ ಬ್ಯಾಟರಿಯಲ್ಲ, ಲೆಕ್ಕದ 1 ಗಂಟೆ 50 ನಿಮಿಷ ಆಗ ಸಿಗುವುದಿಲ್ಲ.

ಬ್ಯಾಟರಿ ಮುಗಿದ ಮೇಲೆ: ಸಿಲಿಂಡರ್

ಬ್ಯಾಟರಿ ಎಷ್ಟೇ ದೊಡ್ಡದಿದ್ದರೂ ಅದಕ್ಕೊಂದು ಕೊನೆ ಇದೆ. ಯಂತ್ರವೇ ಕೆಟ್ಟರೆ ಬ್ಯಾಟರಿ ಇದ್ದೂ ಪ್ರಯೋಜನವಿಲ್ಲ. ಆದ್ದರಿಂದ ಒಂದು ತುಂಬಿದ ಬಿ-ಟೈಪ್ ಸಿಲಿಂಡರ್ ಮನೆಯಲ್ಲಿರಲಿ. ಪೂರ್ತಿ ತುಂಬಿದ್ದರೆ ಅದರಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 2 ಲೀಟರ್‌ನಂತೆ ಇದು ಸುಮಾರು 12 ಗಂಟೆ, 5 ಲೀಟರ್‌ನಂತೆ 5 ಗಂಟೆ. ಗೇಜ್‌ನಲ್ಲಿ ಒತ್ತಡ ಅರ್ಧಕ್ಕೆ ಇಳಿದಿದ್ದರೆ ಸಮಯವೂ ಅರ್ಧ.

ನಮ್ಮ ಉದಾಹರಣೆಯ ಮನೆಗೆ ಯೋಜನೆ ಹೀಗಿರಬಹುದು. ಕರೆಂಟ್ ಹೋದ ಸಮಯವನ್ನು ಕೂಡಲೇ ಬರೆದುಕೊಳ್ಳುವುದು. ಯಂತ್ರದ ಹೊರತು ಇನ್ವರ್ಟರ್ ಮೇಲಿರುವ ಉಳಿದದ್ದನ್ನೆಲ್ಲ ಆರಿಸುವುದು. ಒಂದು ಗಂಟೆಯಾದರೂ ಕರೆಂಟ್ ಬಾರದಿದ್ದರೆ ಸಿಲಿಂಡರ್‌ಗೆ ರೆಗ್ಯುಲೇಟರ್ ಜೋಡಿಸಿ ಸಿದ್ಧವಾಗಿಡುವುದು. ಒಂದೂವರೆ ಗಂಟೆಗೆ, ಅಲಾರಂ ಬರುವ ಮೊದಲೇ ಸಿಲಿಂಡರ್‌ಗೆ ಬದಲಿಸುವುದು. ಕರೆಂಟ್ ಬಂದ ಮೇಲೆ ಯಂತ್ರ ಶುರುವಾದ ಕೂಡಲೇ ಟ್ಯೂಬ್ ಬದಲಿಸಬೇಡಿ. ಸರಿಯಾದ ಸಾಂದ್ರತೆಯ ಆಕ್ಸಿಜನ್ ಬರಲು ಯಂತ್ರಕ್ಕೆ ಕೆಲವು ನಿಮಿಷ ಬೇಕು.

ಎಚ್ಚರ ವಹಿಸಬೇಕಾದ ಸಂಗತಿಗಳು

* ಬ್ಯಾಟರಿ ಉಳಿಸಲೆಂದು ವೈದ್ಯರನ್ನು ಕೇಳದೆ ಆಕ್ಸಿಜನ್ ಪ್ರಮಾಣ ಕಡಿಮೆ ಮಾಡಬೇಡಿ. ಗಾಬರಿಯಲ್ಲಿ ಹೆಚ್ಚಿಸಲೂ ಬೇಡಿ. ಸಿಒಪಿಡಿ ರೋಗಿಗಳಿಗೆ ಅತಿಯಾದ ಆಕ್ಸಿಜನ್ ಕೂಡ ಅಪಾಯಕಾರಿ.
* ಚಾರ್ಜ್ ಆಗುವಾಗ ಸೀಸ-ಆಮ್ಲ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಹೈಡ್ರೋಜನ್ ಹೊರಬರುತ್ತದೆ. ಅದನ್ನು ರೋಗಿಯ ಕೋಣೆಯಲ್ಲಿ, ಆಕ್ಸಿಜನ್ ಯಂತ್ರ ಅಥವಾ ಸಿಲಿಂಡರ್ ಬಳಿ ಇಡಬೇಡಿ. ಗಾಳಿಯಾಡುವ, ನೆರಳಿರುವ ಜಾಗ ಬೇಕು.
* ಟ್ಯೂಬುಲರ್ ಬ್ಯಾಟರಿಯ ನೀರಿನ ಮಟ್ಟ ಇಳಿದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿಸಿ, ನಲ್ಲಿ ನೀರು ಬೇಡ.
* ಪಲ್ಸ್ ಆಕ್ಸಿಮೀಟರ್ ಹತ್ತಿರವಿರಲಿ. ವೈದ್ಯರು ನಿಮ್ಮ ರೋಗಿಗೆ ಹೇಳಿದ ಮಟ್ಟಕ್ಕಿಂತ ಆಕ್ಸಿಜನ್ ಇಳಿದರೆ, ತುಟಿ ಅಥವಾ ಬೆರಳು ನೀಲಿಗಟ್ಟಿದರೆ, ರೋಗಿ ಗೊಂದಲದಿಂದ ಮಾತನಾಡಿದರೆ ಅಥವಾ ಮಂಪರಿಗೆ ಜಾರಿದರೆ ಕರೆಂಟ್ ಬರಲಿ ಎಂದು ಕಾಯಬೇಡಿ. ತುರ್ತು ಸಂಖ್ಯೆ 112 ಅಥವಾ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

ಲೆಕ್ಕ ಮುಗಿದ ಮೇಲೆ ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು ಇನ್ವರ್ಟರ್ ಮೇಲೆ ಅಂಟಿಸಿ: ನಂಬಬಹುದಾದ ಸಮಯ, ಸಿಲಿಂಡರ್‌ಗೆ ಬದಲಿಸಬೇಕಾದ ಸಮಯ, ಕೊನೆಯ ಪರೀಕ್ಷೆಯ ದಿನಾಂಕ ಮತ್ತು ಫಲಿತಾಂಶ. ಕರೆಂಟ್ ಹೋದಾಗ ಮನೆಯಲ್ಲಿ ನೀವಿರದೆ ಬೇರೆಯವರು ಇರಬಹುದು, ಅವರಿಗೂ ಗೊತ್ತಾಗಬೇಕು.